ಒಂಬತ್ತನೇ ಕಾಲಂ

ಆಕೆಗೊಂದು ಹೆಸರಿತ್ತು, ಆದರೆ ಅದು ಸಂಬಳದ ಪಟ್ಟಿಯ ಒಳಗೇ ಉಳಿದುಹೋಗಿತ್ತು. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ ಆಕೆ ಎಲ್ಲರಿಗೂ ಮೈಗ್ರೇಷನ್ ಮೇಡಂ. ಜವಾನರಿಂದ ಹಿಡಿದು ಕುಲಸಚಿವರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಒಮ್ಮೆ ಆಕೆಯ ಗಂಡ ಕಚೇರಿಗೆ ಬಂದು ಹೆಂಡತಿಯ ಹೆಸರು ಹೇಳಿ ವಿಚಾರಿಸಿದಾಗ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲಪ್ಪ" ಎಂದು ಬಾಗಿಲಿನಿಂದಲೇ ಸಾಗಹಾಕಿದ್ದರು. ಹೊಲಿಗೆ ಮಿಷನ್ ರಿಪೇರಿ ಮಾಡುವ ಆ ಮನುಷ್ಯ ಊಟದ ಡಬ್ಬಿ ಹಿಡಿದು ಹಾಗೇ ವಾಪಸ್ಸು ಹೋದ. ಈಗಲೂ ಜಗಳ ಬಂದಾಗಲೆಲ್ಲ ಆ ಮಾತು ಎತ್ತುತ್ತಾನೆ.

ಆಕೆಯ ಕೆಲಸ ಹೇಳುವುದಕ್ಕೆ ಸುಲಭ. ಒಂದು ವಿಶ್ವವಿದ್ಯಾಲಯದಲ್ಲಿ ಓದಿದವರು ಮುಂದಿನ ಓದಿಗೆ ಇನ್ನೊಂದಕ್ಕೆ ಹೋಗಬೇಕಾದರೆ, ಹಳೆಯದರಿಂದ ಒಂದು ಕಾಗದ ತರಬೇಕು. 'ಇವರು ನಮ್ಮಲ್ಲಿ ಓದಿದವರು, ಬೇರೆ ಕಡೆ ವ್ಯಾಸಂಗ ಮಾಡಲು ನಮ್ಮದೇನೂ ಆಕ್ಷೇಪಣೆಯಿಲ್ಲ' ಎನ್ನುವ ಕಾಗದ. ಅದೇ ವಲಸೆ ಪ್ರಮಾಣಪತ್ರ. ಒಬ್ಬರಿಗೆ ಒಂದೇ ಸಲ ಕೊಡುವುದು. ಹೊಸ ವಿಶ್ವವಿದ್ಯಾಲಯ ಮೂಲಪ್ರತಿಯನ್ನೇ ಇಟ್ಟುಕೊಳ್ಳುತ್ತದೆ, ಹಿಂತಿರುಗಿಸುವುದಿಲ್ಲ. ಹದಿನೇಳು ವರ್ಷದಿಂದ ಏಳನೇ ಕಿಟಕಿಯ ಹಿಂದೆ ಕೂತು ಆಕೆ ಈ ಕಾಗದ ಬರೆದಿದ್ದಾಳೆ, ಹಂಚಿದ್ದಾಳೆ, "ಜೆರಾಕ್ಸ್ ಇಟ್ಕೊಳ್ಳಿ, ಆಮೇಲೆ ನನ್ ಹತ್ರ ಬಂದು ಅಳಬೇಡಿ" ಎಂದು ಬೈದಿದ್ದಾಳೆ.

ಬೈಗುಳದ ಬಹುಪಾಲು ಮಾತ್ರ ಅರ್ಜಿಯ ಒಂಬತ್ತನೇ ಕಾಲಮ್ಮಿಗೆ ಮೀಸಲು. 'ಈ ಹಿಂದೆ ವಲಸೆ ಪ್ರಮಾಣಪತ್ರ ಪಡೆದಿದ್ದಲ್ಲಿ ಅದರ ಸಂಖ್ಯೆ' ಎಂದು ಅಲ್ಲಿ ಅಚ್ಚಾಗಿದೆ. ಪಡೆದಿರದಿದ್ದರೆ 'ಇಲ್ಲ' ಎಂದು ಬರೆದರೆ ಮುಗಿಯಿತು. ಆದರೆ ಮಕ್ಕಳು ಹಾಗೆ ಮಾಡುವುದಿಲ್ಲ. ಕಿಟಕಿಯ ಆಚೆ, ಮೊಗಸಾಲೆಯ ಗೋಡೆಯಲ್ಲಿ ಒಂದು ಗಾಜಿನ ಚೌಕಟ್ಟು ನೇತುಹಾಕಿದೆ. ಅದರೊಳಗೆ ಪ್ರಮಾಣಪತ್ರದ ಮಾದರಿ. ಹೆಸರಿನ ಜಾಗಕ್ಕೆ ಒಂದು ಬಿಳಿ ಪಟ್ಟಿ, ನೋಂದಣಿ ಸಂಖ್ಯೆಯ ಜಾಗಕ್ಕೆ ಇನ್ನೊಂದು. 'ಅಭ್ಯರ್ಥಿಯ ಹೆಸರು', 'ನೋಂದಣಿ ಸಂಖ್ಯೆ' ಎಂದು ಪಟ್ಟಿಗಳ ಮೇಲೆ ಬರೆದಿದೆ. ಮೇಲೆ ಬಲಮೂಲೆಯಲ್ಲಿ ಅಚ್ಚಾದ ಕ್ರಮಸಂಖ್ಯೆ ಮಾತ್ರ ಬಟಾಬಯಲು. ಏನು ಬರೆಯಬೇಕೆಂದು ತೋಚದ ಹತ್ತರಲ್ಲಿ ಇಬ್ಬರು ಕತ್ತೆತ್ತಿ ಆ ಸಂಖ್ಯೆಯನ್ನೇ ನಕಲು ಮಾಡಿ ಒಂಬತ್ತನೇ ಕಾಲಮ್ಮಿಗೆ ತುಂಬಿಬಿಡುತ್ತಾರೆ. ಮೇಡಂ ಅದನ್ನು ಓದುವ ಗೋಜಿಗೂ ಹೋಗುವುದಿಲ್ಲ. ಕೆಂಪು ಪೆನ್ನಿನಿಂದ ಗೀಟು ಎಳೆದು, "ಮಾದರಿ ನೋಡಿ ಅಂದ್ರೆ ಮಾದರೀನೇ ಬರೀ ಅಂತಾನಾ? ಕಣ್ಣು ಎಲ್ಲಿಟ್ಟಿರ್ತೀರಾ?" ಎಂದು ಅರ್ಜಿ ಒಳಗೆಳೆದುಕೊಳ್ಳುತ್ತಾಳೆ.

ಇಂಥ ಮೇಡಮ್ಮಿಗೆ ನಲವತ್ತಮೂರನೇ ವಯಸ್ಸಿನಲ್ಲಿ ಓದುವ ಆಸೆ ಹುಟ್ಟಿತು. ಹುಟ್ಟಿತು ಎಂದರೆ ತಪ್ಪು, ಮೊದಲಿನಿಂದಲೂ ಇತ್ತು. ಕೆಲಸಕ್ಕೆ ಸೇರಿದ ಮೇಲೆ ಇದೇ ವಿಶ್ವವಿದ್ಯಾಲಯದ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಹನ್ನೆರಡು ವರ್ಷವಾಗಿತ್ತು. ಅಲ್ಲಿಗೆ ನಿಂತದ್ದು ನಿಂತೇಹೋಯಿತು. ದಿನಕ್ಕೆ ಐವತ್ತು ಜನರಿಗೆ 'ಮುಂದಿನ ವ್ಯಾಸಂಗಕ್ಕೆ ಆಕ್ಷೇಪಣೆಯಿಲ್ಲ' ಎಂದು ಬರೆದು ಕೊಡುವವಳಿಗೆ, ತನ್ನ ಮುಂದಿನ ವ್ಯಾಸಂಗಕ್ಕೆ ಯಾರ ಆಕ್ಷೇಪಣೆ ಇತ್ತೆಂದು ಕೇಳಿಕೊಳ್ಳಲೂ ಪುರುಸೊತ್ತಿರಲಿಲ್ಲ.

ಮೂರು ಗಂಟೆ ಬಸ್ಸಿನ ದಾರಿಯಲ್ಲಿದ್ದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ದಾಖಲೆಪತ್ರಗಳ ನಿರ್ವಹಣೆ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇತ್ತು. ಶನಿವಾರ, ಭಾನುವಾರ ತರಗತಿ. ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ಇಪ್ಪತ್ತೆರಡು ಸೀಟು. ನೌಕರಿಯಲ್ಲಿದ್ದವರಿಗೆ ನಲವತ್ತೈದರ ಒಳಗಿನ ವಯಸ್ಸು. ಪ್ರವೇಶ ಪರೀಕ್ಷೆಯಲ್ಲಿ ಮೇಡಂ ಇಪ್ಪತ್ತೊಂದನೆಯವಳಾಗಿ ಬಂದಳು. ಇನ್ನೆರಡು ವರ್ಷ ಕಾದರೆ ವಯಸ್ಸು ಮೀರುತ್ತದೆ. ಇದೇ ಮೊದಲು, ಇದೇ ಕೊನೆ.

"ಅಮ್ಮಾ, ಇಪ್ಪತ್ತೆರಡರಲ್ಲಿ ಇಪ್ಪತ್ತೊಂದಾ? ನಾನು ಹಿಂಗೆ ತಗೊಂಡಿದ್ರೆ ನೀನು ಬಿಡ್ತಿದ್ಯಾ?" ಎಂದು ಕಾಲೇಜಿಗೆ ಹೋಗುವ ಮಗಳು ಕಿಚಾಯಿಸಿದಳು.

"ಬಾಯ್ಮುಚ್ಚು. ಪರೀಕ್ಷೆಗೆ ಮುನ್ನೂರು ಜನ ಕೂತಿದ್ರು" ಎಂದು ತಾಯಿ ಗದರಿದರೂ ಮುಖ ಅರಳಿತ್ತು.

ಕಚೇರಿಯ ಅನುಮತಿ ಪತ್ರ ಸಿಕ್ಕಿತು. ಕಾಲೇಜಿನ ವರ್ಗಾವಣೆ ಪತ್ರ ಇತ್ತು. ಹೊಸ ವಿಶ್ವವಿದ್ಯಾಲಯ ತಾತ್ಕಾಲಿಕ ಪ್ರವೇಶ ಕೊಟ್ಟು, 'ಶುಕ್ರವಾರ ಸಂಜೆ ಐದರೊಳಗೆ ಮೂಲ ವಲಸೆ ಪ್ರಮಾಣಪತ್ರ ಸಲ್ಲಿಸದಿದ್ದಲ್ಲಿ ಪ್ರವೇಶ ರದ್ದು' ಎಂದು ಮುಚ್ಚಳಿಕೆ ಬರೆಸಿಕೊಂಡಿತ್ತು. ಅದನ್ನೋದಿ ಮೇಡಂ ನಕ್ಕುಬಿಟ್ಟಿದ್ದಳು. ಬಾವಿಯ ಪಕ್ಕ ಕೂತವಳಿಗೆ ನೀರಿಗೇನು ಚಿಂತೆ ಎನ್ನುವಂಥ ನಗು. ಅದಕ್ಕೇ ಕೊನೆಯ ವಾರದವರೆಗೂ ಅರ್ಜಿ ಹಾಕಿರಲಿಲ್ಲ. ಬೇರೆ ಯಾರಾದರೂ ಹೀಗೆ ತಡಮಾಡಿ ಬಂದಿದ್ದರೆ ಕಿಟಕಿ ಅದುರುವಂತೆ ಬೈಯುತ್ತಿದ್ದಳು, ಅದು ಬೇರೆ ಮಾತು.

ಸೋಮವಾರ ಬೆಳಗ್ಗೆ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ತುಂಬಿದಳು. ಒಂಬತ್ತನೇ ಕಾಲಮ್ಮಿಗೆ 'ಇಲ್ಲ' ಎಂದು ದಪ್ಪವಾಗಿ ಬರೆದಳು. ಶುಲ್ಕ ಕಟ್ಟಿದ ಚಲನ್, ಅಂಕಪಟ್ಟಿಯ ನಕಲು, ವರ್ಗಾವಣೆ ಪತ್ರ ಎಲ್ಲ ಪೋಣಿಸಿದಳು. ತನ್ನ ಕಾಗದವನ್ನು ತಾನೇ ತಯಾರಿಸುವ ಹಾಗಿಲ್ಲ. ಹಾಗಾಗಿ ಪಕ್ಕದ ಮೇಜಿನ ಕಿರಿಯ ಸಹಾಯಕಿಯ ಮುಂದಿಟ್ಟಳು. ಈ ಹುಡುಗಿ ಸೇರಿ ಎರಡು ವರ್ಷವಾಗಿತ್ತು, ಮೇಡಮ್ಮನ್ನು ಅಕ್ಕ ಎನ್ನುತ್ತಿದ್ದಳು.

"ಹತ್ತು ನಿಮಿಷ ಅಕ್ಕಾ. ಸಾಯಂಕಾಲಕ್ಕೆ ಸಹಿ ಮಾಡಿಸಿಕೊಡ್ತೀನಿ" ಎಂದು ಆಕೆ ಕಂಪ್ಯೂಟರಿಗೆ ನೋಂದಣಿ ಸಂಖ್ಯೆ ಹೊಡೆದಳು. ಮತ್ತೆ ಹೊಡೆದಳು. ಮೂರನೇ ಸಲ ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳುತ್ತಾ ಹೊಡೆದಳು.

"ಯಾಕೆ, ಕರೆಂಟು ಹೋಯ್ತಾ?"

"ಇಲ್ಲಕ್ಕಾ. ಇದು... ನಿಮಗೆ ಆಗ್ಲೇ ಕೊಟ್ಟಿದೆ ಅಂತಿದೆ."

"ಏನ್ ಕೊಟ್ಟಿದೆ?"

"ಮೈಗ್ರೇಷನ್ನು. ಹನ್ನೊಂದು ವರ್ಷದ ಹಿಂದೆ."

ಮೇಡಂ ಜೋರಾಗಿ ನಕ್ಕಳು. "ನಿನ್ನ ಕಂಪ್ಯೂಟರಿಗೆ ತಲೆ ಕೆಟ್ಟಿದೆ. ಹನ್ನೊಂದು ವರ್ಷದಿಂದ ನಾನು ಈ ಕುರ್ಚಿ ಬಿಟ್ಟು ಎದ್ದಿಲ್ಲ, ಎಲ್ಲಿಗೆ ವಲಸೆ ಹೋಗ್ಲಿ?" ಪರದೆಯ ಮೇಲೆ ಕೆಂಪಕ್ಷರ ಹಾಗೇ ಕೂತಿತ್ತು. ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಯಾರೋ ಬೇರೆಯವರ ಸಂಖ್ಯೆ ತಪ್ಪಾಗಿ ಹೊಡೆದಿರಬೇಕು, ಹಳೆ ರಿಜಿಸ್ಟರು ತೆಗೆದರೆ ಗೊತ್ತಾಗುತ್ತದೆ ಎಂದು ಇಬ್ಬರೂ ತೀರ್ಮಾನಿಸಿ ಚಹಾ ಕುಡಿಯಲು ಹೋದರು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ದಾಖಲೆ ಕೊಠಡಿಯಿಂದ ಆ ವರ್ಷದ ರಿಜಿಸ್ಟರು ಬಂತು. ಧೂಳು ಕೊಡವಿ, ತಿಂಗಳು ಹುಡುಕಿ, ಸಾಲಿನ ಮೇಲೆ ಬೆರಳಿಟ್ಟ ಕಿರಿಯ ಸಹಾಯಕಿ ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ. ಮೇಡಂ ಬಗ್ಗಿ ನೋಡಿದಳು. ಕ್ರಮಸಂಖ್ಯೆ 40617. ಅದರ ಮುಂದೆ ಆಕೆಯ ಹೆಸರು. ಆಕೆಯ ನೋಂದಣಿ ಸಂಖ್ಯೆ. ಆಕೆಯ ಪರೀಕ್ಷೆ, ಆಕೆಯ ವರ್ಷ. ಹೋಗಲಿ ಎಂದರೆ, ಅಕ್ಷರವೂ ಆಕೆಯದೇ! ಆ ಬಾಲ ಸುತ್ತಿದ 'ಳ', ಆ ಮಲಗಿದ ಏಳು, ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

"ಅಕ್ಕಾ, ಇದು ನೀವೇ ಬರ್ದಿರೋದು."

"ನಾನೇ" ಎಂದಳು ಮೇಡಂ. ತನಗೆ ತಾನೇ ಪ್ರಮಾಣಪತ್ರ ಬರೆದುಕೊಂಡದ್ದು ಮರೆಯುವಂಥದ್ದೇ? ಆ ದಿನಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಆಗ ಎಲ್ಲ ಕೈಬರಹ. ಕ್ರಮಸಂಖ್ಯೆ ಅಚ್ಚಾದ ನಮೂನೆಗಳು ಪುಸ್ತಕವಾಗಿ ಬರುತ್ತಿದ್ದವು. ಪ್ರವೇಶದ ಕಾಲದಲ್ಲಿ ದಿನಕ್ಕೆ ತೊಂಬತ್ತು ಬರೆದು ಬೆರಳು ಮರಗಟ್ಟುತ್ತಿತ್ತು. ಅಷ್ಟು ನೆನಪಾಯಿತು. ಅದಕ್ಕಿಂತ ಮುಂದೆ ಏನೂ ಇಲ್ಲ, ತಲೆಯೊಳಗೆ ಬರೀ ಕತ್ತಲು.

ಸಾಲಿನ ಕೊನೆಯಲ್ಲಿ 'ಪಡೆದವರ ಸಹಿ' ಎಂಬ ಕಾಲಂ ಇತ್ತು. ಅದು ಖಾಲಿ. ಆದರೆ ಗಾಬರಿಯಲ್ಲಿ ಅದನ್ನು ಇಬ್ಬರೂ ಗಮನಿಸಲಿಲ್ಲ. ಗಮನಿಸಿದ್ದರೂ ಏನೂ ಅನ್ನಿಸುತ್ತಿರಲಿಲ್ಲ, ಆ ಕಾಲದಲ್ಲಿ ಅಂಚೆಯಲ್ಲಿ ಕಳಿಸಿದ್ದಕ್ಕೂ ಸಹಿ ಇರುತ್ತಿರಲಿಲ್ಲ.

ವಿಷಯ ವಿಭಾಗಾಧಿಕಾರಿಯ ಮುಂದೆ ಹೋಯಿತು. ಇವರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರೆಂದರೆ ಎದುರಿಗಿದ್ದವರಿಗೆ ಒಳ್ಳೆಯದಾಗುವುದಿಲ್ಲ ಎಂದು ವಿಭಾಗಕ್ಕೆಲ್ಲ ಗೊತ್ತು. ರಿಜಿಸ್ಟರು ನೋಡಿದರು. ಅರ್ಜಿ ನೋಡಿದರು. ಕನ್ನಡಕ ಒರೆಸಿದರು.

"ಒಂಬತ್ತನೇ ಕಾಲಮ್ಮಲ್ಲಿ 'ಇಲ್ಲ' ಅಂತ ಬರ್ದಿದೀರಲ್ಲ ಮೇಡಂ."

"ತಗೊಂಡಿಲ್ಲ ಸಾರ್."

"ನೀವೇ ಬರ್ದಿದೀರಿ."

"ಬರ್ದಿದೀನಿ ಸಾರ್. ಆದ್ರೆ ತಗೊಂಡಿಲ್ಲ."

"ಹಂಗಂದ್ರೇನು?"

ಹಾಗೆಂದರೇನು ಎಂದು ಮೇಡಮ್ಮಿಗೂ ತಿಳಿದಿರಲಿಲ್ಲ. ಅಧಿಕಾರಿ ಕೆಟ್ಟವರಲ್ಲ. ಆದರೆ ಅವರ ಕಣ್ಣಲ್ಲಿ ಒಂದು ಪ್ರಶ್ನೆ ಹಾದುಹೋದದ್ದನ್ನು ಆಕೆ ನೋಡಿದಳು. ಸೀಲು, ನಮೂನೆ, ರಿಜಿಸ್ಟರು ಎಲ್ಲ ಕೈಯಲ್ಲಿದ್ದವಳು ಗುಟ್ಟಾಗಿ ಒಂದು ಕಾಗದ ಮಾಡಿಕೊಂಡು ಈಗ ಮರೆತವಳ ನಾಟಕ ಆಡುತ್ತಿದ್ದಾಳೆಯೇ? ಹದಿನೇಳು ವರ್ಷದಲ್ಲಿ ಯಾರೂ ಆಕೆಯನ್ನು ಹಾಗೆ ನೋಡಿರಲಿಲ್ಲ.

"ನೋಡಿ, ಎರಡನೇ ಸಲ ಮೂಲಪ್ರತಿ ಕೊಡೋಕೆ ಬರಲ್ಲ, ನಿಮಗೇ ಗೊತ್ತು. ನಕಲು ಪ್ರತಿ ಕೊಡಬಹುದು, ಮೂಲದ ಬದಲಿಗೆ ಅದೂ ನಡೆಯುತ್ತೆ. ಕಳೆದುಹೋಗಿದೆ ಅಂತ ನೋಟರಿ ಮುಂದೆ ಪ್ರಮಾಣ ಮಾಡಿ, ಪೊಲೀಸರ ಹತ್ರ ದೂರು ಕೊಟ್ಟು ಸ್ವೀಕೃತಿ ತನ್ನಿ. ನಾನು ಬೇಗ ಮಾಡಿಸ್ತೀನಿ" ಎಂದರು.

ಸಾವಿರ ಜನರಿಗೆ ಆಕೆಯೇ ಹೇಳಿದ್ದ ದಾರಿ ಅದು. ಹೂಂ ಎಂದು ಎದ್ದುಬಂದಳು.

ಮನೆಯಲ್ಲಿ ಗಂಡ ಒಂದು ಹಳೆಯ ಮಿಷನ್ನಿನ ಹೊಟ್ಟೆ ಬಿಚ್ಚಿ ಕೂತಿದ್ದ. ಪೂರ್ತಿ ಕತೆ ಕೇಳಿದ. ಮಗಳು ಮಾತ್ರ ನಗು ತಡೆಯಲಾಗದೆ, "ದಾಖಲೆ ಹೆಂಗಿಡೋದು ಅಂತ ಓದೋಕೆ ಹೊರಟೋರು ತಮ್ಮ ದಾಖಲೆನೇ ಕಳ್ಕೊಂಡ್ರು!" ಎಂದಳು. ಅಮ್ಮನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು.

"ರೀ, ಅದನ್ನ ಬೇರೆ ಯಾರಾದ್ರೂ ತಗೊಂಡು ನನ್ನ ಹೆಸರಲ್ಲಿ ಎಲ್ಲಾದ್ರೂ ಸೇರ್ಕೊಂಡಿದ್ರೆ?" ಎಂದಳು ಮೇಡಂ.

"ನಿನ್ನ ಹೆಸರಲ್ಲಿ ಸೇರ್ಕೊಂಡು ಯಾರಿಗೇನು ಲಾಭ? ನಿನ್ನ ಹೆಸರು ನಿನ್ನ ಕಚೇರಿಯೋರಿಗೇ ಗೊತ್ತಿಲ್ಲ" ಎಂದ ಗಂಡ. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, "ನೀನು ತಗೊಂಡಿಲ್ಲ ಅಂದ್ಮೇಲೆ ತಗೊಂಡಿಲ್ಲ. ಅಷ್ಟೇ" ಎಂದ. ಅಷ್ಟೊಂದು ಖಡಾಖಂಡಿತವಾಗಿ ಆಕೆಯೇ ನಂಬಿರಲಿಲ್ಲ. ಹುಚ್ಚು ಹಿಡಿಯುತ್ತದೇನೋ ಎನ್ನಿಸಿ ಮಂಚದ ಕೆಳಗಿನ ಪೆಟ್ಟಿಗೆ, ಬೀರುವಿನ ಲಾಕರು, ಮಗಳ ಹುಟ್ಟಿದ ದಾಖಲೆಯಿದ್ದ ಚೀಲ ಎಲ್ಲವನ್ನೂ ಬುಡಮೇಲು ಮಾಡಿದಳು. ಹಳೆಯ ಹಾಲ್ ಟಿಕೆಟ್ಟು ಸಿಕ್ಕಿತು, ಬಿಸಾಡಿದ್ದೇನೆಂದುಕೊಂಡಿದ್ದ ಪತ್ರಗಳು ಸಿಕ್ಕವು. ಬೇಕಾದದ್ದು ಸಿಗಲಿಲ್ಲ.

ಬುಧವಾರ ಹೊಸ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ, ಎರಡು ದಿನ ಹೆಚ್ಚು ಕೊಡಲು ಕೇಳಿಕೊಂಡಳು. ಆ ಕಡೆಯ ಗುಮಾಸ್ತ, "ಮೇಡಂ, ಕಾಯೋ ಪಟ್ಟಿಯಲ್ಲಿ ಇನ್ನೂ ಒಂಬತ್ತು ಜನ ಇದ್ದಾರೆ. ಶುಕ್ರವಾರ ಐದು ಗಂಟೆ ಅಂದ್ರೆ ಐದು ಗಂಟೆ" ಎಂದ. ಅದೇ ಧ್ವನಿ, ಅದೇ ವರಸೆ, ಆಕೆ ದಿನವೂ ಕಿಟಕಿಯಲ್ಲಿ ಆಡುವ ಮಾತಿನದೇ ತದ್ರೂಪು. ಫೋನಿಟ್ಟ ಮೇಲೆ ಆಕೆಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಮಧ್ಯಾಹ್ನ ನೋಟರಿಯ ಬಳಿ ಹೋದಳು. ಅವರ ಟೈಪಿಸ್ಟು ಅಫಿಡವಿಟ್ಟಿನ ಒಕ್ಕಣೆಯನ್ನು ಕಣ್ಣುಮುಚ್ಚಿ ಹೊಡೆದುಕೊಟ್ಟ. 'ನಾನು ಪಡೆದಿದ್ದ ಮೂಲ ವಲಸೆ ಪ್ರಮಾಣಪತ್ರವು ಪ್ರಯಾಣದ ವೇಳೆ ಕಳೆದುಹೋಗಿದ್ದು, ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ. ಮೇಲಿನ ಅಂಶಗಳು ಸತ್ಯವೆಂದು ಪ್ರಮಾಣ ಮಾಡುತ್ತೇನೆ.'

"ಪ್ರಯಾಣದ ವೇಳೆ? ನಾನೆಲ್ಲಿ ಪ್ರಯಾಣ ಮಾಡ್ದೆ?" ಎಂದಳು.

"ಎಲ್ಲರೂ ಹಂಗೇ ಹಾಕೋದು ತಾಯಿ. ಸಹಿ ಮಾಡಿ."

ಪೆನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಸಹಿ ಮಾಡಿದರೆ ಪೊಲೀಸ್ ಸ್ವೀಕೃತಿ ನಾಳೆ, ನಕಲು ಪ್ರತಿ ನಾಡಿದ್ದು ಬೆಳಗ್ಗೆ, ಬಸ್ಸು ಹತ್ತಿದರೆ ಸೀಟು ಉಳಿಯಿತು. ಆದರೆ ಪಡೆಯದೇ ಇದ್ದದ್ದನ್ನು ಪಡೆದೆ ಎಂದು, ಕಳೆಯದೇ ಇದ್ದದ್ದನ್ನು ಕಳೆದೆ ಎಂದು ಬರೆಯಬೇಕು. ಆ ಸಾಲಿಗೆ ಸಹಿ ಹಾಕಿದರೆ ಅಧಿಕಾರಿಯ ಕಣ್ಣಲ್ಲಿ ಹಾದುಹೋದ ಆ ಪ್ರಶ್ನೆಗೆ ತಾನೇ ಹೌದು ಎಂದಂತೆ. ಎಷ್ಟು ಮಕ್ಕಳ ಇಂಥ ಕಾಗದವನ್ನು ಆಕೆ ಎತ್ತಿ ಹಿಡಿದು, "ನಿಜ ಹೇಳು, ಕಳೆದಿದ್ದಾ, ಬೇರೆ ಕಡೆ ಕೊಟ್ಟಿದ್ದಾ?" ಎಂದು ಕೇಳಿರಲಿಲ್ಲ! ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಸಹಿ ಮಾಡಲಿಲ್ಲ. ಹರಿದು ಹಾಕಲೂ ಇಲ್ಲ.

ಗುರುವಾರ ಆಕೆಯ ಮುಖ ನೋಡಿದವರು ಯಾರೂ ಮಾತಾಡಿಸಲಿಲ್ಲ. ಮೇಜಿನ ಮೇಲೆ ಆ ರಿಜಿಸ್ಟರು ತೆರೆದೇ ಇತ್ತು. 40617, 40617 ಎಂದು ನೋಡುತ್ತಾ ಕೂತಿದ್ದಳು, ನೋಡುತ್ತಾ ಹೋದರೆ ಅದೇ ಬಾಯಿಬಿಡುತ್ತದೆ ಎನ್ನುವವಳ ಹಾಗೆ. ಕಿಟಕಿಯಲ್ಲಿ ಸಾಲು ಬೆಳೆದಿತ್ತು. ನರ್ಸಿಂಗ್ ಓದಲು ಹೊರಟಿದ್ದ ಒಬ್ಬ ಹುಡುಗಿ ಅರ್ಜಿ ಒಳಗೆ ತಳ್ಳಿದಳು. ಮೇಡಂ ಅಭ್ಯಾಸಬಲದಿಂದ ಕೆಂಪು ಪೆನ್ನು ಎತ್ತಿ ಒಂಬತ್ತನೇ ಕಾಲಮ್ಮಿಗೆ ಇಳಿಸಿದಳು. ಪೆನ್ನು ಅಲ್ಲೇ ನಿಂತಿತು.

40617.

"ಇದು... ಇದನ್ನ ನಿನಗೆ ಯಾರು ಕೊಟ್ರು?" ಮೇಡಮ್ಮಿನ ಧ್ವನಿ ಕೇಳಿ ಹುಡುಗಿ ಬೆದರಿದಳು.

"ಯಾರೂ ಕೊಟ್ಟಿಲ್ಲ ಮೇಡಂ. ತಪ್ಪಾಯ್ತಾ? ಅಲ್ಲಿ ಇತ್ತಲ್ಲ, ಅದನ್ನೇ ಬರ್ದೆ."

"ಎಲ್ಲಿ ಇತ್ತು?"

ಹುಡುಗಿ ಹೊರಗಿನ ಗೋಡೆಯ ಕಡೆ ಬೆರಳು ತೋರಿಸಿದಳು.

ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಬಾಗಿಲು ದಾಟಿ, ಮೊಗಸಾಲೆ ಸುತ್ತಿ, ಸಾಲಿನಲ್ಲಿ ನಿಂತವರನ್ನು ಸರಿಸಿ ಕಿಟಕಿಯ ಆಚೆ ಬಂದಳು. ಹದಿನೇಳು ವರ್ಷದಲ್ಲಿ ಆ ಜಾಗದಲ್ಲಿ ನಿಂತು ತನ್ನ ಕಿಟಕಿಯನ್ನು ನೋಡಿದ್ದು ಅದೇ ಮೊದಲು. "ಮೇಡಂ, ಸಾಲಿದೆ" ಎಂದ ಹಿಂದಿನಿಂದ ಒಬ್ಬ. ಆಕೆಗೆ ಕೇಳಿಸಲಿಲ್ಲ. ಗಾಜಿನ ಹಿಂದೆ, ಬಲಮೂಲೆಯಲ್ಲಿ, ಅದೇ ಸಂಖ್ಯೆ.

ಚೌಕಟ್ಟನ್ನು ಮೊಳೆಯಿಂದ ಇಳಿಸಿ ಒಳಗೆ ತಂದಳು. ಹಿಂಬದಿಯ ರಟ್ಟು ಬಿಡಿಸುವಷ್ಟರಲ್ಲಿ ಇಡೀ ವಿಭಾಗವೇ ಮೇಜಿನ ಸುತ್ತ ನೆರೆದಿತ್ತು, ಅಧಿಕಾರಿಯೂ ಬಂದರು. ಬಿಳಿ ಪಟ್ಟಿಯ ಎರಡು ತುದಿಗೆ ಮಾತ್ರ ಗೋಂದು ಹಚ್ಚಿತ್ತು. ಉಗುರಿನಿಂದ ಮೆಲ್ಲನೆ ಎಬ್ಬಿಸಿದಳು. ಬಾಲ ಸುತ್ತಿದ 'ಳ' ಮೊದಲು ಕಂಡಿತು. ಆಮೇಲೆ ಪೂರ್ತಿ ಹೆಸರು. ಶಾಯಿ ನಿನ್ನೆ ಬರೆದಂತೆ ಕಪ್ಪಗಿತ್ತು.

ಆಗ ನೆನಪು ದಬಕ್ಕನೆ ಬಂದು ಬಿತ್ತು. ಆ ವರ್ಷ ಹೊಸಬನೊಬ್ಬ ಸೇರಿದ್ದ, ಮೂರೇ ತಿಂಗಳಿಗೆ ಬೇರೆ ನೌಕರಿ ಸಿಕ್ಕಿ ಹೋದ. ಅವನಿಗೆ ನಮೂನೆ ತುಂಬುವುದನ್ನು ಕಲಿಸಬೇಕಿತ್ತು. ವಿದ್ಯಾರ್ಥಿಯೊಬ್ಬರ ಹೆಸರು ಬರೆದು ಆ ಹಾಳೆ ಎಲ್ಲಾದರೂ ಹೊರಗೆ ಹೋದರೆ ಗತಿಯೇನು ಎಂದು, "ನನ್ನ ಹೆಸರೇ ಹಾಕ್ತೀನಿ ನೋಡ್ಕೋ" ಎಂದು ತನ್ನದೇ ವಿವರ ಬರೆದಿದ್ದಳು. ಸಂಖ್ಯೆ ಅಚ್ಚಾದ ಒಂದೊಂದು ಹಾಳೆಗೂ ಲೆಕ್ಕ ಕೊಡಬೇಕಾದ್ದರಿಂದ ರಿಜಿಸ್ಟರಿನಲ್ಲೂ ಏರಿಸಿ ತೋರಿಸಿದ್ದಳು. ಆಮೇಲೆ ಷರಾ ಕಾಲಮ್ಮಿನಲ್ಲಿ 'ರದ್ದು' ಎಂದು ಬರೆಯಬೇಕು, ಅಷ್ಟರಲ್ಲಿ ಮಗಳಿಗೆ ಜ್ವರವೆಂದು ಫೋನು ಬಂದು ಎದ್ದು ಓಡಿದ್ದಳು. ಆ ಹಾಳೆ ಉಳಿದ ಎಂಬತ್ತೊಂಬತ್ತರ ಜೊತೆ ಸೇರಿ ಕುಲಸಚಿವರ ಸಹಿ, ಸೀಲು ಎಲ್ಲ ಮಾಡಿಸಿಕೊಂಡು ವಾಪಸ್ಸು ಬಂತು. ಒಂದು ವಾರ ರಜೆ ಮುಗಿಸಿ ಬಂದವಳು, ಮೇಜಿನ ಮೇಲಿದ್ದ ಹಾಳೆಯನ್ನು ಹಾಳುಮಾಡುವುದೇಕೆ, ಮಕ್ಕಳಿಗೆ ಮಾದರಿಯಾಗಲಿ ಎಂದು ಹೆಸರು ಮುಚ್ಚಿ ಗೋಡೆಗೇರಿಸಿದಳು. ರದ್ದು ಬರೆಯುವುದು ಮರೆತೇಹೋಯಿತು.

"ಅಯ್ಯೋ ನನ್ನ ಕರ್ಮವೇ! ಹನ್ನೊಂದು ವರ್ಷ ಎಷ್ಟು ಮಕ್ಕಳಿಗೆ ಬೈದೆ ಇದಕ್ಕೋಸ್ಕರ!" ಎಂದು ಮೇಡಂ ತಲೆಗೆ ಕೈ ಹಚ್ಚಿದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂದವು. ಅಷ್ಟೂ ವರ್ಷ ಸಿಕ್ಕಸಿಕ್ಕವರೆಲ್ಲ ಆಕೆಯ ಕಾಗದದ ಸಂಖ್ಯೆಯನ್ನು ಬರೆದು ಬರೆದು ಆಕೆಯ ಕೈಗೇ ಕೊಟ್ಟಿದ್ದರು. ಆಕೆ ಗೀಟು ಎಳೆದು ಎಳೆದು ಹಾಕಿದ್ದಳು.

ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಹಿ ಅಸಲಿ, ಸೀಲು ಅಸಲಿ. ಕನ್ನಡಕ ಒರೆಸದೆ ರಿಜಿಸ್ಟರಿಗೆ ಬಗ್ಗಿದರು.

"ಪಡೆದವರ ಸಹಿ ಇಲ್ಲವಲ್ಲ."

"ಇಲ್ಲ ಸಾರ್."

"ಅಂದ್ರೆ ತಯಾರಾಗಿದೆ, ವಿಲೇವಾರಿ ಆಗಿಲ್ಲ. ಪಡೆಯದೆ ಉಳಿದ ಪ್ರಮಾಣಪತ್ರಕ್ಕೆ ಹೊಸದು ಬೇಕಿಲ್ಲ, ನಕಲೂ ಬೇಕಿಲ್ಲ. ಗುರುತು ನೋಡಿ, ಸಹಿ ತಗೊಂಡು ಇದನ್ನೇ ಕೊಡೋದು. ಅರ್ಜಿ, ಶುಲ್ಕ ಈಗ ಬಂದಿದೆ." ರಿಜಿಸ್ಟರು ಮುಚ್ಚಿ, "ಟಿಪ್ಪಣಿ ಬರ್ದು ಉಪಕುಲಸಚಿವರ ಒಪ್ಪಿಗೆ ತಗೋತೀನಿ, ನಮ್ಮಲ್ಲೇ ಇತ್ತು ಅಂತ ಒಂದು ದೃಢೀಕರಣ ಪತ್ರಾನೂ ಮಾಡಿಸ್ತೀನಿ. ಆದ್ರೆ ಸಂಖ್ಯೆ ಇರೋ ನಮೂನೆ ಗೋಡೆಗೆ ಹಾಕಿದ್ದಕ್ಕೆ ನೀವು ಲಿಖಿತ ವಿವರಣೆ ಕೊಡ್ಬೇಕು" ಎಂದರು.

"ಕೊಡ್ತೀನಿ ಸಾರ್."

"ನಿನ್ನೆ ಮೊನ್ನೆ ನಾನು ಒಂಥರಾ ನೋಡ್ದೆ. ಬೇಜಾರು ಮಾಡ್ಕೋಬೇಡಿ."

ಮೇಡಂ ತಲೆಯಾಡಿಸಿದಳು. ಚೀಲದಿಂದ ನೋಟರಿಯ ಕಾಗದ ತೆಗೆದು ಈಗ ನಾಲ್ಕು ಚೂರು ಮಾಡಿದಳು.

ಸಂಜೆ ನಾಲ್ಕಕ್ಕೆ ಉಪಕುಲಸಚಿವರ ಒಪ್ಪಿಗೆ ಬಂತು. ಕಿರಿಯ ಸಹಾಯಕಿ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು, "ಹಂಗೆಲ್ಲ ಒಳಗೇ ಕೊಡಲ್ಲ ಅಕ್ಕಾ. ಕಿಟಕಿಗೆ ಬನ್ನಿ" ಎಂದಳು. ಮೇಡಂ ಹೊರಗೆ ಹೋಗಿ ಸಾಲಿನಲ್ಲೇ ನಿಂತಳು. ಸರದಿ ಬಂದಾಗ ಗುರುತಿನ ಚೀಟಿ ತೋರಿಸಿದಳು. ಸಹಾಯಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲ ಬಾರಿಗೆ ಆಕೆಯ ಪೂರ್ತಿ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು. ಹನ್ನೊಂದು ವರ್ಷ ಖಾಲಿ ಬಿದ್ದಿದ್ದ ಕಾಲಮ್ಮಿನಲ್ಲಿ ಮೇಡಂ ಸಹಿ ಮಾಡಿದಳು.

"ಜೆರಾಕ್ಸ್ ಇಟ್ಕೊಳ್ಳಿ. ಆಮೇಲೆ ನನ್ ಹತ್ರ ಬಂದು ಅಳಬೇಡಿ" ಎಂದಳು ಸಹಾಯಕಿ, ನಗು ತಡೆದುಕೊಂಡು.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ, ಮೂರು ತಾಸಿನ ಬಸ್ ಪ್ರಯಾಣ ಮುಗಿಸಿ ಇಳಿದು, ಬೇರೊಂದು ಕಿಟಕಿಯ ಮುಂದೆ ಆಕೆ ನಿಂತಳು. ಫೋನಿನಲ್ಲಿ ಗದರಿದ್ದ ಗುಮಾಸ್ತನ ಧ್ವನಿ ಗುರುತು ಸಿಕ್ಕಿತು. ಆತ ಹಳೆಯ ದಿನಾಂಕ ನೋಡಿದ, ದೃಢೀಕರಣ ಪತ್ರ ಓದಿದ, ಹೆಸರಿನ ಎರಡು ತುದಿಯಲ್ಲಿದ್ದ ಗೋಂದಿನ ಕಲೆಯ ಮೇಲೆ ಬೆರಳಾಡಿಸಿದ.

"ಹನ್ನೊಂದು ವರ್ಷದ ಹಿಂದೆ ಮಾಡಿಸಿಟ್ಕೊಂಡು ಈಗ ಬಂದ್ರಾ?"

"ಹೂಂ" ಎಂದಳು ಮೇಡಂ. "ಬರೋದು ಸ್ವಲ್ಪ ತಡ ಆಯ್ತು."

ಆತ ಸೀಲು ಒತ್ತಿ, ಪ್ರವೇಶ ಪತ್ರದ ಮೇಲಿದ್ದ 'ತಾತ್ಕಾಲಿಕ' ಎಂಬ ಪದವನ್ನು ಹೊಡೆದುಹಾಕಿದ. ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಗಂಡನಿಗೆ ಫೋನು ಹಚ್ಚಿ ಅತ್ತಳು. ಅವನು ಆ ಕಡೆ ಮಿಷನ್ನು ನಿಲ್ಲಿಸಿ ಕಾಯುತ್ತಿದ್ದ.

ಸೋಮವಾರ ಏಳನೇ ಕಿಟಕಿ ಎಂದಿನಂತೆ ತೆರೆಯಿತು. ಗೋಡೆಯ ಚೌಕಟ್ಟಿನಲ್ಲಿ ಈಗ ಆ ಪ್ರಮಾಣಪತ್ರದ ಜೆರಾಕ್ಸ್ ಇತ್ತು. ಅಡ್ಡಲಾಗಿ ಕೆಂಪು ಶಾಯಿಯಲ್ಲಿ 'ಮಾದರಿ' ಎಂದು ಬರೆದಿತ್ತು. ಹೆಸರಿನ ಮೇಲೆ ಪಟ್ಟಿ ಇರಲಿಲ್ಲ. ನರ್ಸಿಂಗ್ ಹುಡುಗಿ ತನ್ನ ಪ್ರಮಾಣಪತ್ರ ಒಯ್ಯಲು ಬಂದಳು, ಸಹಿ ಮಾಡುತ್ತಾ, "ಮೇಡಂ, ಅಲ್ಲಿರೋ ಹೆಸರು ಯಾರ್ದು?" ಎಂದು ಕೇಳಿದಳು.

"ನಂದೇ ಕಣಮ್ಮ. ನಾನೂ ಓದೋಕೆ ಸೇರಿದೀನಿ."

ಹುಡುಗಿಯ ಹಿಂದೆ ನಿಂತಿದ್ದವನು ಅರ್ಜಿ ಒಳಗೆ ತಳ್ಳಿದ. ಒಂಬತ್ತನೇ ಕಾಲಮ್ಮಿನಲ್ಲಿ 40617 ಎಂದು ದುಂಡಗೆ ಬರೆದಿತ್ತು. ಮೇಡಂ ಕೆಂಪು ಪೆನ್ನು ಎತ್ತಿದಳು, ಈ ಸಲ ಪೂರ್ತಿ ಓದಿದಳು, ಮೆಲ್ಲಗೆ ಗೀಟು ಎಳೆದಳು.

"ಇದು ನನ್ನ ನಂಬರಪ್ಪ" ಎಂದಳು. "ನಿಂದು ಇನ್ನೂ ಬರ್ಬೇಕು. 'ಇಲ್ಲ' ಅಂತ ಬರಿ."